ಜ್ವರ ಬಂದ ಬೆಳಿಗ್ಗೆ ಬರೆಯುವ ಮೇಲ್

ನೋಡಪ್ಪ, ಮುಂದಿನ ವಾರ ಕೆಲಸಕ್ಕೆ ಸೇರ್ತಿದ್ದೀಯ. ಎಲ್ಲರೂ ನಿನಗೆ ಸಂಬಳದ ಬಗ್ಗೆ, ಉಳಿತಾಯದ ಬಗ್ಗೆ ಹೇಳಿರ್ತಾರೆ. ದೂರವಾಣಿನಗರದ ಕಾರ್ಖಾನೆಯ ಟೈಂ ಆಫೀಸಿನಲ್ಲಿ ಕೂತು ಜನರ ರಜಾ ಅರ್ಜಿಗಳನ್ನೇ ನೋಡುತ್ತಾ ತಲೆ ಹಣ್ಣು ಮಾಡಿಕೊಂಡ ನಿನ್ನ ಮಾವ ಬೇರೆ ಏನು ಹೇಳಿಯಾನು? ಹುಷಾರಿಲ್ಲದಾಗ ರಜೆ ಹಾಕುವುದು ಹೇಗೆ ಅಂತ ಹೇಳ್ತೀನಿ, ಕೇಳು.

ನಮ್ಮ ದೇವಸಂದ್ರದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಾಳಲ್ಲ, ಹಾಸನದ ಕಡೆಯ ಹುಡುಗಿ, ಅವಳ ಕತೆಯಿದು. ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಕೆಲಸ. ಮ್ಯಾನೇಜರ್ ಮಹಾ ಕಟ್ಟುನಿಟ್ಟು. ಬೆಳಿಗ್ಗೆ ಒಂಬತ್ತೂವರೆ ಕಾಲ್‌ಗೆ ಎರಡು ನಿಮಿಷ ತಡವಾದರೂ ಎಲ್ಲರೆದುರು ಕೇಳುತ್ತಾರಂತೆ. ಮೊದಲೆಲ್ಲ ಟಿನ್ ಫ್ಯಾಕ್ಟರಿ ಟ್ರಾಫಿಕ್ ಅಂದರೆ ಯಾರೂ ಮರುಮಾತಾಡುತ್ತಿರಲಿಲ್ಲ. 2023ರಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ ಮೆಟ್ರೊ ಬಂದ ಮೇಲೆ ಆ ನೆಪವೂ ಹೋಯಿತು.

ಮಳೆಗಾಲದ ಒಂದು ಭಾನುವಾರ ರಾತ್ರಿ ಅವಳಿಗೆ ಜ್ವರ ಬಂತು. ಬೆಳಗಿನ ಜಾವ ಎದ್ದು ಮೇಲ್ ಬರೆಯಲು ಕೂತಳು. ಆಮೇಲೆ ಹುಷಾರಾದ ಮೇಲೆ ನಗುತ್ತಾ ಆ ಡ್ರಾಫ್ಟುಗಳನ್ನೆಲ್ಲ ನನಗೆ ತೋರಿಸಿದಳು.

ಮೊದಲನೆಯದು ಒಂದು ಪುಟ. ಸಂಜೆ ಮಳೆಯಲ್ಲಿ ನೆನೆದದ್ದು, ರಾತ್ರಿ ಚಳಿ ಹತ್ತಿದ್ದು, ಎರಡು ಸಲ ವಾಂತಿಯಾದದ್ದು, ಎಲ್ಲವೂ ಇತ್ತು. ಓದಿ ಅವಳಿಗೇ ನಾಚಿಕೆಯಾಗಿ ವಾಂತಿ ತೆಗೆದಳು. ಎರಡನೆಯದರಲ್ಲಿ ಕ್ಷಮಾಪಣೆ ಹೊಕ್ಕಿತು: ‘ಕೆಲಸದ ಒತ್ತಡ ಇರುವಾಗಲೇ ಹೀಗಾದದ್ದಕ್ಕೆ ಕ್ಷಮೆಯಿರಲಿ.’ ಅದರ ನಂತರದ್ದಕ್ಕೆ ಥರ್ಮಾಮೀಟರಿನ ಫೋಟೊ ಅಂಟಿಸಿದಳು, 102 ಡಿಗ್ರಿ ಕಾಣುವ ಹಾಗೆ. ಯಾರೂ ಕೇಳದೆ ಸಾಕ್ಷಿ ಕೊಟ್ಟರೆ ಅನುಮಾನ ಬರುತ್ತೆ ಅನ್ನಿಸಿ ಅದೂ ಹೋಯಿತು. ಮತ್ತೊಂದರಲ್ಲಿ ‘ಫೋನಿನಲ್ಲಿ ಸಿಗುತ್ತೇನೆ, ಲ್ಯಾಪ್‌ಟಾಪ್ ಪಕ್ಕದಲ್ಲೇ ಇರುತ್ತೆ’ ಅಂತ ಬರೆದಳು. ಇದಂತೂ ಹಾಸಿಗೆಯನ್ನೇ ಆಫೀಸ್ ಮಾಡಿಕೊಂಡಂತೆ. ಕೊನೆಗೆ ರೇಗಿ ‘ಹುಷಾರಿಲ್ಲ, ಇವತ್ತು ಬರಲ್ಲ’ ಅಂತ ಒಂದೇ ಸಾಲು ಬರೆದು, ಒರಟಾಯಿತೆಂದು ಅದನ್ನೂ ಅಳಿಸಿದಳು.

ಅಷ್ಟರಲ್ಲಿ ಗಂಟೆ ಒಂಬತ್ತು ಮುಕ್ಕಾಲು. ಮ್ಯಾನೇಜರ್ ವಾಟ್ಸ್ಯಾಪ್ ಬಂತು: ‘ಎಲ್ಲಿದ್ದೀರಿ? ಮೂರು ಗಂಟೆಯ ಡೆಮೊ ಯಾರು ಮಾಡ್ತಾರೆ?’

ನಾನು ಹೇಳಬೇಕೆಂದಿರುವುದು ಇಷ್ಟೇ. ಅವಳು ಬರೆದ ಅಷ್ಟೂ ಡ್ರಾಫ್ಟುಗಳಲ್ಲಿ ಡೆಮೊ ಅನ್ನುವ ಮಾತೇ ಇರಲಿಲ್ಲ. ಜ್ವರ ನಿಜ ಅಂತ ನಂಬಿಸುವುದರಲ್ಲೇ ಬೆಳಗು ಕಳೆಯಿತು. ಮೇಲಿನವರಿಗೆ ಬೇಕಿದ್ದದ್ದು ಬೇರೆ. ನಮ್ಮ ಫೋರ್‌ಮನ್ನುಗಳೂ ಹಾಗೇ. ಅರ್ಜಿ ಕೈಗೆ ಬಂದ ತಕ್ಷಣ ಕಾಯಿಲೆ ಯಾವುದು ಅಂತ ಓದುತ್ತಿರಲಿಲ್ಲ. ಇವನ ಮೆಷಿನ್ನಿಗೆ ಇವತ್ತು ಯಾರನ್ನು ಹಾಕಲಿ ಅಂತ ಶಾಪಿನ ಕಡೆ ನೋಡುತ್ತಿದ್ದರು. ಕಟ್ಟುನಿಟ್ಟಿನವರು ಕಲ್ಲುಹೃದಯದವರೇ ಆಗಬೇಕಿಲ್ಲ. ತಡವಾಗಿ ತಿಳಿದರೆ ಅವರ ದಿನ ಕೆಡುತ್ತೆ, ಅದಕ್ಕೇ ಸಿಡುಕು. ಕೆಲವರು ನಿಜವಾಗಿಯೂ ಕಲ್ಲುಹೃದಯದವರೇ, ಅವರ ವಿಷಯಕ್ಕೆ ಆಮೇಲೆ ಬರ್ತೀನಿ.

ಆ ವಾಟ್ಸ್ಯಾಪ್ ನೋಡಿ ಗಾಬರಿಯಲ್ಲಿ ಹತ್ತು ನಿಮಿಷದಲ್ಲಿ ಅವಳು ಬರೆದ ಮೇಲ್ ಇದು. ವಿಷಯದ ಸಾಲು: ‘ಸಿಕ್ ಲೀವ್, ಸೋಮವಾರ ಮತ್ತು ಮಂಗಳವಾರ.’ ಕೆಳಗೆ: ‘ನಿನ್ನೆ ರಾತ್ರಿಯಿಂದ ಜ್ವರವಿದೆ. ಇವತ್ತು, ನಾಳೆ ಸಿಕ್ ಲೀವ್ ತೆಗೆದುಕೊಳ್ಳುತ್ತಿದ್ದೇನೆ, ಪೋರ್ಟಲಿನಲ್ಲೂ ಹಾಕಿದ್ದೇನೆ. ಡೆಮೊ ಫೈಲ್ ಟೀಮಿನ ಫೋಲ್ಡರಿನಲ್ಲಿದೆ. ಜೊತೆಗೆ ಕೆಲಸ ಮಾಡಿದವರು ನಡೆಸಿಕೊಡಲು ಒಪ್ಪಿದ್ದಾರೆ. ಡಾಕ್ಟರನ್ನು ನೋಡಿ ಬಂದು ನಾಳೆ ಸಂಜೆ ಆರರೊಳಗೆ ಬುಧವಾರದ ವಿಷಯ ತಿಳಿಸುತ್ತೇನೆ.’

ಇದರಲ್ಲಿ ‘ದಯವಿಟ್ಟು ಅನುಮತಿ ಕೊಡಿ’ ಇಲ್ಲ, ಗಮನಿಸು. ಮದುವೆಗೆ, ಊರಿನ ಜಾತ್ರೆಗೆ ರಜೆ ಕೇಳಿ ತಗೋಬೇಕು. ಜ್ವರವನ್ನು ತಿಳಿಸಿದರೆ ಸಾಕು. ಕಾಯಿಲೆಯ ವರ್ಣನೆ ಒಂದು ಸಾಲು ದಾಟಿಲ್ಲ. ‘ನಡೆಸಿಕೊಡಲು ಒಪ್ಪಿದ್ದಾರೆ’ ಅನ್ನಬೇಕಾದರೆ ಮೊದಲು ಅವರಿಗೆ ಫೋನು ಮಾಡಿರಬೇಕು. ಸುಮ್ಮನೆ ಹೆಸರು ಬರೆದರೆ ಮಧ್ಯಾಹ್ನದೊಳಗೆ ಸಿಕ್ಕಿಬೀಳ್ತೀಯ. ಮೇಲ್ ಕಳಿಸಿದವನು ಪೋರ್ಟಲನ್ನು ಮರೆತರೆ ತಿಂಗಳ ಕೊನೆಗೆ ಆ ದಿನ ಗೈರುಹಾಜರಿ ಅಂತ ಬಿದ್ದು ಸಂಬಳ ಕಟ್ಟಾಗುತ್ತೆ. ನಮ್ಮ ಕಾಲದಲ್ಲಿ ಫೋರ್‌ಮನ್ ಬಾಯಿಮಾತಿನಲ್ಲಿ ‘ಆಯ್ತು ಹೋಗು’ ಅಂದು, ಅರ್ಜಿ ಟೈಂ ಆಫೀಸಿಗೆ ಬಾರದೆ, ಸಂಬಳದ ದಿನ ಕಿಟಕಿಯ ಬಳಿ ನಿಂತು ಜಗಳವಾಡಿದ ಎಷ್ಟು ಜನರನ್ನು ನಾನು ನೋಡಿಲ್ಲ!

ಉತ್ತರವಾಗಿ ‘ಸರಿ, ವಿಶ್ರಾಂತಿ ತಗೊಳ್ಳಿ’ ಅಂತ ಬಂತು. ಇಷ್ಟಕ್ಕಾ ಬೆಳಗಿನ ಜಾವದಿಂದ ಒದ್ದಾಡಿದ್ದು ಅಂತ ಅವಳಿಗೆ ಅಳು ಬಂತಂತೆ.

ಕತೆ ಅಲ್ಲಿಗೆ ಮುಗಿಯಲಿಲ್ಲ. ರಕ್ತ ಪರೀಕ್ಷೆಯಲ್ಲಿ ಡೆಂಗಿ ಅಂತ ಬಂತು. ಗುರುವಾರ ಮೈ ತಣ್ಣಗಾಯಿತು, ಇವಳು ‘ನಾಳೆ ಬರುತ್ತೇನೆ’ ಅಂತ ಟೈಪ್ ಮಾಡತೊಡಗಿದಳು. ಅದೃಷ್ಟಕ್ಕೆ ಕಳಿಸುವ ಮುಂಚೆ ಡಾಕ್ಟರ ಹತ್ತಿರ ಹೋದಳು, ಅವರು ಬೈದರು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ್ದು. ಪ್ಲೇಟ್‌ಲೆಟ್ ಕುಸಿಯುವುದು, ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಇವೆಲ್ಲ ಕಾಣಿಸಿಕೊಳ್ಳುವುದು ಹೆಚ್ಚಾಗಿ ಆಗಲೇ. ಹಾಗಾಗಿ ಜ್ವರದ ಮೊದಲ ದಿನವೇ ‘ಬುಧವಾರ ಖಂಡಿತ ಬರುತ್ತೇನೆ’ ಅಂತ ಮಾತು ಕೊಡಬೇಡ. ಬರುವ ದಿನ ಗೊತ್ತಿಲ್ಲದಿದ್ದರೆ, ತಿಳಿಸುವ ದಿನವನ್ನಾದರೂ ಹೇಳು. ಮ್ಯಾನೇಜರಿಗೆ ಅಷ್ಟರಿಂದಲೇ ಕೆಲಸ ಹಂಚಲು ಆಗುತ್ತೆ. ಸರ್ಟಿಫಿಕೇಟನ್ನು ಡಾಕ್ಟರ್ ನೋಡಿದ ದಿನವೇ ಬರೆಸಿಕೋ. ಅದರಲ್ಲಿ ಅವರ ನೋಂದಣಿ ಸಂಖ್ಯೆ, ಎಂದಿನಿಂದ ಎಂದಿನವರೆಗೆ ವಿಶ್ರಾಂತಿ ಅನ್ನುವುದು ಇರಲಿ. ವಾರವಾದ ಮೇಲೆ ಹೋಗಿ ಹಿಂದಿನ ತಾರೀಖು ಹಾಕಿಕೊಡಿ ಅಂದರೆ ಒಳ್ಳೆಯ ಡಾಕ್ಟರ್ ಒಪ್ಪಲ್ಲ, ಒಪ್ಪಲೂ ಬಾರದು.

ಇನ್ನು ಕಲ್ಲುಹೃದಯದವರ ವಿಷಯ. ‘ನಿಮ್ಮದಿನ್ನೂ ಪ್ರೊಬೇಷನ್, ಸಿಕ್ ಲೀವ್ ಇಲ್ಲ’ ಅನ್ನುವವರು ಸಿಗ್ತಾರೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ಕಾಯಿಲೆ, ಅಪಘಾತ ಅಥವಾ ಬೇರೆ ಸಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳಸಹಿತ ರಜೆ ಉಂಟು, ಸೇರಿದ ಮೊದಲ ವರ್ಷದಲ್ಲೂ ಉಂಟು. ಫೋನಿನಲ್ಲಿ ಕಾಯ್ದೆ ಓದಿ ಜಗಳಕ್ಕೆ ಇಳಿಯಬೇಡ. ಅವರು ರಜೆ ಆಗಲ್ಲ ಅಂದರೆ, ‘ಈಗ ಮಾತಾಡಿದಂತೆ, ಜ್ವರವಿರುವುದರಿಂದ ಬರಲಾಗುತ್ತಿಲ್ಲ’ ಅಂತ ಮೇಲ್ ಹಾಕಿ, ಎಚ್.ಆರ್.ಗೂ ಒಂದು ಪ್ರತಿ ಕಳಿಸಿ ಮಲಗು. ಬರಹ ಉಳಿಯುತ್ತೆ, ಫೋನಿನ ಮಾತು ಉಳಿಯಲ್ಲ. ಹನ್ನೆರಡು ದಿನ ಮೀರುವ ಕಾಯಿಲೆಗೆ ನಿಮ್ಮ ಕಂಪನಿ ಏನು ಕೊಡುತ್ತೆ ಅನ್ನುವುದು ಕಂಪನಿಯ ನಿಯಮಕ್ಕೆ ಬಿಟ್ಟದ್ದು. ನಿಮ್ಮ ಕಟ್ಟಡದ ಸೆಕ್ಯೂರಿಟಿಯವರು, ಹೌಸ್‌ಕೀಪಿಂಗ್‌ನವರಂಥ ಕಡಿಮೆ ಸಂಬಳದವರು ಇಎಸ್‌ಐಗೆ ಸೇರಿದ್ದರೆ, ಕಾಯಿಲೆಯ ರಜೆಗೆ ಸಂಬಳದ ಶೇ. 70ರಷ್ಟು ವರ್ಷಕ್ಕೆ 91 ದಿನದವರೆಗೆ ಅಲ್ಲಿಂದ ಸಿಗುತ್ತೆ. ಇಂದಿರಾನಗರದ ಇಎಸ್‌ಐ ಆಸ್ಪತ್ರೆ ಗೊತ್ತಿದ್ದೂ ಈ ದುಡ್ಡಿನ ವಿಷಯ ಗೊತ್ತಿಲ್ಲದವರು ಇದ್ದಾರೆ, ಕೇಳಿದರೆ ಹೇಳು.

ಸೇರಿದ ಮೊದಲ ವಾರವೇ, ಮೈ ಗಟ್ಟಿಯಿರುವಾಗಲೇ, ರಜೆಯ ನಿಯಮ ತೆರೆದು ನೋಡು. ಸಿಕ್ ಲೀವ್ ಎಷ್ಟಿದೆ, ಎಷ್ಟನೇ ದಿನದಿಂದ ಸರ್ಟಿಫಿಕೇಟ್ ಕೇಳ್ತಾರೆ, ಪೋರ್ಟಲಿನಲ್ಲಿ ಎಲ್ಲಿ ಒತ್ತಬೇಕು ಅಂತ ತಿಳಿದುಕೋ. ಆ ನಾಲ್ಕು ಸಾಲಿನ ಮೇಲನ್ನು ಈಗಲೇ ಬರೆದು ಡ್ರಾಫ್ಟಿನಲ್ಲಿಟ್ಟುಕೋ. ಜ್ವರ ಬಂದ ದಿನ ತಾರೀಖನ್ನೂ ಕೆಲಸ ನೋಡಿಕೊಳ್ಳುವವರ ಹೆಸರನ್ನೂ ತುಂಬಿ, ಎಂಟು ಗಂಟೆಯೊಳಗೆ ಕಳಿಸಿಬಿಡು.