ಗದ್ದೆ ಕೊಯ್ದದ್ದು ಯಾವತ್ತು? ಉಪಗ್ರಹದ ಲೆಕ್ಕ, ಅಂಕಲ್ ಲೆಕ್ಕ

ಪಾಂಡವಪುರದ ಹತ್ತಿರ ನಮ್ಮ ಗೆಳೆಯನ ಮನೆಯವರದ್ದು ಒಂದು ಎಕರೆ ಭತ್ತದ ಗದ್ದೆ ಇದೆ, ಪಕ್ಕದಲ್ಲೇ ಕಬ್ಬು. ಮಿನಿ ಪ್ರಾಜೆಕ್ಟಿಗೆ ನಾವು ಮೂವರು ಆ ಎರಡು ತುಂಡು ಜಮೀನನ್ನೇ ಆರಿಸಿಕೊಂಡ್ವಿ. ಉಪಗ್ರಹದ ಚಿತ್ರಗಳನ್ನಷ್ಟೇ ನೋಡಿ ನಾಟಿ ಯಾವಾಗ, ಕೊಯ್ಲು ಯಾವಾಗ ಅಂತ ಹೇಳಬೇಕು. ಉತ್ತರ ಸರಿಯಾ ಅಂತ ನೋಡೋಕೆ ಅವನ ಅಪ್ಪ ಇದ್ದರು. ನಮ್ಮ ಮೊದಲ ಉತ್ತರ ಭತ್ತದ ಕೊಯ್ಲು ನವೆಂಬರ್ 23 ಅಂತ. ಅಂಕಲ್ ನಕ್ಕುಬಿಟ್ಟರು: "ಅವತ್ತಿಗಿನ್ನೂ ಗದ್ದೇಲಿ ನೀರೇ ಬಸಿದಿರ್ಲಿಲ್ಲ ಕಣ್ರಪ್ಪ. ಕೊಯ್ಸಿದ್ದು ಡಿಸೆಂಬರ್ ಹತ್ತಕ್ಕೆ." ಹದಿನೇಳು ದಿನದ ಈ ವ್ಯತ್ಯಾಸ ಎಲ್ಲಿಂದ ಬಂತು ಅನ್ನೋದೇ ಈ ಲೇಖನ.

ಮೊದಲು ನಾವು ಅಳೆಯೋದು ಏನನ್ನ ಅಂತ ನೋಡೋಣ. ಹಸಿರು ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತೆ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಜೋರಾಗಿ ವಾಪಸ್ ಕಳಿಸುತ್ತೆ. ಸೆಂಟಿನೆಲ್-2 ಉಪಗ್ರಹದಲ್ಲಿ ಕೆಂಪು ಅಂದ್ರೆ ಬ್ಯಾಂಡ್ `B4`, ಅವಕೆಂಪು `B8`.

```
NDVI = (B8 - B4) / (B8 + B4)
```

ದಟ್ಟ ಬೆಳೆ ಇದ್ದರೆ ಇದು 0.7-0.8ರ ಆಸುಪಾಸು, ಬರೀ ಮಣ್ಣಾದರೆ 0.2ರ ಹತ್ತಿರ, ನೀರು ನಿಂತ ಗದ್ದೆಯಾದರೆ ಇನ್ನೂ ಕಮ್ಮಿ. ಒಂದು ಪಿಕ್ಸೆಲ್ 10 ಮೀಟರ್ ಚೌಕ, ಹಾಗಾಗಿ ಒಂದು ಎಕರೆಗೆ ಸುಮಾರು 40 ಪಿಕ್ಸೆಲ್ ಸಿಗುತ್ತವೆ. ಬದುವಿನ ಮೇಲೆ ಬೀಳೋ ಪಿಕ್ಸೆಲ್‌ಗಳಲ್ಲಿ ತೆಂಗಿನ ಮರ, ಪಕ್ಕದವರ ಬೆಳೆ ಎಲ್ಲ ಸೇರಿಕೊಳ್ಳುತ್ತೆ. ಅದಕ್ಕೆ ಅಂಚಿನ ಒಂದು ಸಾಲು ಬಿಟ್ಟು ಒಳಗಿನವುಗಳ ಸರಾಸರಿ ತಗೊಂಡ್ವಿ.

ಉಪಗ್ರಹ 5 ದಿನಕ್ಕೊಮ್ಮೆ ಬರುತ್ತೆ, ಆದರೆ ಮುಂಗಾರಿನಲ್ಲಿ ಬಂದು ಮೋಡವನ್ನು ನೋಡಿಕೊಂಡು ಹೋಗುತ್ತೆ. ಪ್ರತಿ ಚಿತ್ರದ ಜೊತೆ `SCL` ಅಂತ ಒಂದು ಪದರ ಬರುತ್ತೆ. ಪ್ರತಿ ಪಿಕ್ಸೆಲ್ ಮೋಡವಾ, ನೆರಳಾ, ಗಿಡವಾ ಅಂತ ಅದರಲ್ಲಿ ಸಂಖ್ಯೆ ಇರುತ್ತೆ. 4 ಅಂದ್ರೆ ಗಿಡ, 5 ಬರಿ ನೆಲ, 6 ನೀರು. ನಾವು ಮೊದಲು 4 ಮತ್ತು 5 ಮಾತ್ರ ಇಟ್ಟುಕೊಂಡಿದ್ವಿ. ಆಗ ಆಗಸ್ಟ್‌ನ ನಾಟಿ ಸಮಯವೇ ಮಾಯ! ನಾಟಿ ಮಾಡಿದ ಗದ್ದೆ ಮೇಲಿನಿಂದ ನೋಡಿದರೆ ನೀರು ತಾನೇ. ಭತ್ತಕ್ಕೆ 6 ಬೇಕೇ ಬೇಕು.

ಜರಡಿ ಹಿಡಿದ ಮೇಲೆ ಉಳಿದದ್ದು ಇಷ್ಟು. ಆಗಸ್ಟ್ 10ಕ್ಕೆ 0.12, ಆಗಸ್ಟ್ 30ಕ್ಕೆ 0.28. ನಡುವಿನ ಇಪ್ಪತ್ತು ದಿನ ಪೂರ್ತಿ ಮೋಡ. ಸೆಪ್ಟೆಂಬರ್ 14ಕ್ಕೆ 0.52, 29ಕ್ಕೆ 0.71, ಅಕ್ಟೋಬರ್ 9ಕ್ಕೆ 0.79. ಅಕ್ಟೋಬರ್ 14ಕ್ಕೆ ದಿಢೀರ್ ಅಂತ 0.31, ಮತ್ತೆ 24ಕ್ಕೆ 0.80. ನವೆಂಬರ್ 8ಕ್ಕೆ 0.72, 18ಕ್ಕೆ 0.58, 28ಕ್ಕೆ 0.41. ಡಿಸೆಂಬರ್ 8ಕ್ಕೆ 0.29, 13ಕ್ಕೆ 0.20, 18ಕ್ಕೆ 0.19.

ಅಕ್ಟೋಬರ್ 14ರ 0.31 ಏನು? ಅವತ್ತು `SCL` 5 ಅಂತಿತ್ತು, ಅಂದ್ರೆ ಬರಿ ನೆಲ. ಆದರೆ ಕೊಯ್ದ ಭತ್ತ ಹತ್ತು ದಿನದಲ್ಲಿ 0.80ಕ್ಕೆ ಬೆಳೆಯಲ್ಲ. ಚಿತ್ರವನ್ನೇ ತೆಗೆದು ನೋಡಿದಾಗ ಗದ್ದೆ ಮೇಲೆ ತೆಳು ಮೋಡದ ಅಂಚು ಕಾಣಿಸಿತು. ಅಲ್ಲಿಂದ ಒಂದು ನಿಯಮ ಇಟ್ಟುಕೊಂಡ್ವಿ. ಬೆಲೆ 0.2ಕ್ಕಿಂತ ಹೆಚ್ಚು ಕುಸಿದರೆ ಮುಂದಿನ ಎರಡು ಸ್ವಚ್ಛ ಚಿತ್ರಗಳಿಗೆ ಕಾಯಬೇಕು. ಮೇಲೆದ್ದರೆ ಮೋಡ, ಆ ಬಿಂದು ಕಿತ್ತುಹಾಕು. ಕೆಳಗೇ ಇದ್ದರೆ ನಿಜವಾದ ಇಳಿತ. `SCL` ಮೇಲೆ ಕಣ್ಣುಮುಚ್ಚಿ ನಂಬಿಕೆ ಇಡೋದಕ್ಕಿಂತ ಇದು ನಮಗೆ ಜಾಸ್ತಿ ಉಪಯೋಗಕ್ಕೆ ಬಂತು.

ಆಮೇಲೆ ಗೆರೆಯನ್ನು ನಯ ಮಾಡೋದು. ಸವಿಟ್ಸ್‌ಕಿ-ಗೋಲೆ ಫಿಲ್ಟರ್‌ಗೆ ಬಿಂದುಗಳು ಸಮ ಅಂತರದಲ್ಲಿರಬೇಕು, ಅದಕ್ಕೆ ಮೊದಲು 5 ದಿನದ ಗ್ರಿಡ್‌ಗೆ ತುಂಬಿಸಬೇಕು:

```python
ok = scl.isin([4, 5, 6])
s = ndvi[ok].resample("5D").mean().interpolate()
smooth = savgol_filter(s, 7, 2)
```

ಈಗ ಹಂಗಾಮು ಗುರುತಿಸೋ ಲೆಕ್ಕ. ಶಿಖರ 0.80, ಬಲಗಡೆಯ ತಳ 0.19, ಎತ್ತರ 0.61. ನಾವು ಮೊದಲು ಎತ್ತರ ಅರ್ಧಕ್ಕೆ ಇಳಿದ ದಿನವನ್ನೇ ಕೊಯ್ಲು ಅಂದುಕೊಂಡಿದ್ವಿ. ಅರ್ಧ ಅಂದ್ರೆ 0.495. ಕೈಲೆಕ್ಕದಲ್ಲಿ ಅದು ನವೆಂಬರ್ 18 ಮತ್ತು 28ರ ಮಧ್ಯೆ ಬೀಳುತ್ತೆ, ಅಂದಾಜು 23. ಅಂಕಲ್ ನಕ್ಕಿದ್ದು ಇದಕ್ಕೇ.

ತಪ್ಪು ಕೋಡ್‌ನಲ್ಲಿ ಇರಲಿಲ್ಲ, ಭತ್ತದ ಬಗ್ಗೆ ನಮ್ಮ ತಿಳುವಳಿಕೆಯಲ್ಲಿತ್ತು. ಕಾಳು ಬಲಿಯುವಾಗ ಎಲೆ ಹಳದಿಯಾಗುತ್ತೆ, ಕ್ಲೋರೋಫಿಲ್ ಹೋಗುತ್ತೆ, NDVI ಇಳಿಯುತ್ತೆ. ಬೆಳೆ ಮಾತ್ರ ಗದ್ದೆಯಲ್ಲೇ ನಿಂತಿರುತ್ತೆ. 0.80ರಿಂದ 0.29ರವರೆಗಿನ ಇಳಿತ ಪೂರ್ತಿ ಹಣ್ಣಾಗೋದರದ್ದು. ಕುಡುಗೋಲಿನದ್ದು ಕೊನೆಯ 0.29ರಿಂದ 0.20ರ ಚಿಕ್ಕ ಮೆಟ್ಟಿಲು ಅಷ್ಟೇ. ಮಿತಿಯನ್ನು 20 ಶೇಕಡಕ್ಕೆ ಇಳಿಸಿದರೆ 0.312, ಅಂದ್ರೆ ಡಿಸೆಂಬರ್ 6. ಹತ್ತಿರ ಬಂತು, ಆದರೂ ಅದು ಬೆಳೆ ಒಣಗಿದ ದಿನವೇ ಹೊರತು ಕೊಯ್ದ ದಿನ ಅಲ್ಲ. ಒಣಗಿದ ಪೈರು ಮತ್ತು ಕೂಳೆ, ಈ ಎರಡರ NDVI ತುಂಬಾ ಹತ್ತಿರ ಇರೋದರಿಂದ ಇದಕ್ಕಿಂತ ಖಚಿತವಾಗಿ ಹೇಳೋದು ಕಷ್ಟ. ಎಡಗಡೆಯೂ ಇದೇ ಕಥೆ. 20 ಶೇಕಡ ಮಿತಿ ಕೊಟ್ಟ "ಆರಂಭ" ಆಗಸ್ಟ್ 27, ನಾಟಿ ಆಗಿದ್ದು ಆಗಸ್ಟ್ 8ಕ್ಕೆ. ಸಸಿ ಬೇರು ಬಿಟ್ಟು ನೀರನ್ನು ಮುಚ್ಚೋವರೆಗೂ ಉಪಗ್ರಹಕ್ಕೆ ಅದು ಕಾಣಲ್ಲ.

ಕಬ್ಬು ಇದಕ್ಕೆ ಪೂರ್ತಿ ಉಲ್ಟಾ. ಕಟಾವಿನ ದಿನದವರೆಗೂ ಸೋಗೆ ಹಸಿರಾಗೇ ಇರುತ್ತೆ, ಆಮೇಲೆ ಬಾವಿಗೆ ಬಿದ್ದ ಹಾಗೆ ಇಳಿತ. ಜನವರಿ 12ಕ್ಕೆ 0.62, 17ಕ್ಕೆ 0.43, 22ಕ್ಕೆ 0.22. ಇಲ್ಲಿ ನಯ ಮಾಡಿದ್ದೇ ನಮಗೆ ಮುಳುವಾಯ್ತು. ಏಳು ಬಿಂದುಗಳ ಕಿಟಕಿ ಅಂದ್ರೆ ಆಚೆಗೆ 15, ಈಚೆಗೆ 15 ದಿನದ ಬೆಲೆಗಳು ಸೇರುತ್ತವೆ. ಹಾಗಾಗಿ ಗೆರೆ ಕಟಾವಿಗೆ ಮುಂಚೆಯೇ ಇಳಿಯೋಕೆ ಶುರು ಮಾಡ್ತು, ಅದಕ್ಕೂ ಸ್ವಲ್ಪ ಹಿಂದೆ ಇಲ್ಲದ ಒಂದು ಗುಬ್ಬಚ್ಚಿ ದಿಬ್ಬವನ್ನೂ ತೋರಿಸ್ತು. ಹಂಗಾಮಿನ ಆಕಾರ ನೋಡೋಕೆ ನಯವಾದ ಗೆರೆ, ಕಟಾವಿನ ದಿನ ಹಿಡಿಯೋಕೆ ಮೋಡ ತೆಗೆದ ಮೂಲ ಬಿಂದುಗಳು. ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಬೇಕು.

ಇನ್ನು ಆ ಮಧ್ಯದ 0.43. ಅರ್ಧಂಬರ್ಧ ಮೋಡ ಇರಬಹುದು ಅಂತ ನಮ್ಮಲ್ಲೊಬ್ಬಳು ಅದನ್ನು ಕಿತ್ತೇ ಹಾಕಿದ್ದಳು. ಸರಾಸರಿ ಬಿಟ್ಟು ಒಂದೊಂದೇ ಪಿಕ್ಸೆಲ್ ತೆಗೆದು ನೋಡಿದಾಗ ರಸ್ತೆ ಕಡೆಯ ಅರ್ಧ 0.22ರ ಹತ್ತಿರ, ಕಾಲುವೆ ಕಡೆಯ ಅರ್ಧ 0.6ರ ಮೇಲೆ. ಜನವರಿ 17ಕ್ಕೆ ಕಬ್ಬು ಅರ್ಧ ಮಾತ್ರ ಕಡಿದಿತ್ತು. ಅಂಕಲ್‌ಗೆ ಕೇಳಿದ್ವಿ. "ಹೂಂ, ಕಡಿಯೋ ಆಳುಗಳು ಮಧ್ಯದಲ್ಲಿ ಎರಡು ದಿನ ಬರ್ಲಿಲ್ಲ" ಅಂದರು.

ಈಗ ನಮ್ಮ ಪಟ್ಟಿಯಲ್ಲಿ ಕೊಯ್ಲಿಗೆ ಒಂದು ತಾರೀಕು ಬರೆಯಲ್ಲ, ಎರಡು ಬರೀತೀವಿ. ಬೆಳೆ ಇನ್ನೂ ನಿಂತಿತ್ತು ಅಂತ ಕಂಡ ಕೊನೆಯ ಚಿತ್ರದ್ದು ಒಂದು, ಇಲ್ಲ ಅಂತ ಕಂಡ ಮೊದಲ ಚಿತ್ರದ್ದು ಇನ್ನೊಂದು. ಭತ್ತಕ್ಕೆ ಡಿಸೆಂಬರ್ 8 ಮತ್ತು 13, ಕಬ್ಬಿಗೆ ಜನವರಿ 12 ಮತ್ತು 22. ಅಂಕಲ್ ಹೇಳಿದ ಹತ್ತನೇ ತಾರೀಕು ಮೊದಲನೆಯದರ ಒಳಗೇ ಕೂತಿದೆ.