ಬೈಕ್ ನಿಮ್ಮದು, ಓಡಿಸಿದ್ದು ಹದಿನೇಳರ ಹುಡುಗ: ದುಡ್ಡು ಕಟ್ಟೋದು ಯಾರು?

ಫಸ್ಟ್ ಇಯರ್‌ಗೆ ಸೇರುವ ಎಷ್ಟೋ ಜನರಿಗೆ ಆ ಹೊತ್ತಿಗಿನ್ನೂ ಹದಿನೆಂಟು ತುಂಬಿರುವುದಿಲ್ಲ. ಕ್ಲಾಸಲ್ಲಿ ನಮ್ಮ ಜೊತೆಯೇ ಕೂತಿರ್ತಾರೆ, ಮೀಸೆನೂ ಬಂದಿರುತ್ತೆ, ಆದರೆ ಮೋಟಾರು ವಾಹನ ಕಾಯ್ದೆಯ ಕಣ್ಣಲ್ಲಿ ಅವರು ಅಪ್ರಾಪ್ತರು. ಹದಿನಾರಕ್ಕೇ ಗಾಡಿ ಓಡಿಸಬಹುದು ಅನ್ನೋ ಮಾತು ಕೇಳಿರ್ತೀರಿ. ಅದು 50 ಸಿಸಿ ಮೀರದ ಗಾಡಿಗೆ ಮಾತ್ರ, ಅದಕ್ಕೂ ಲೈಸೆನ್ಸ್ ಬೇಕು. ನಮ್ಮ ಪಾರ್ಕಿಂಗ್‌ನಲ್ಲಿ ನಿಂತಿರುವ ಬೈಕು, ಸ್ಕೂಟರ್‌ಗಳಿಗೆ ಆ ವಿನಾಯಿತಿ ಸಿಗಲ್ಲ.

ಒಂದು ಉದಾಹರಣೆ ಹಿಡಿದು ನೋಡೋಣ. ನೀವು ಫೈನಲ್ ಇಯರ್. ನಿಮ್ಮ ಹೆಸರಲ್ಲೇ ಆರ್‌ಸಿ ಇರುವ 125 ಸಿಸಿ ಬೈಕ್, ಇನ್ಶೂರೆನ್ಸ್ ಚಾಲ್ತಿಯಲ್ಲಿದೆ. ಹದಿನೇಳೂವರೆ ವರ್ಷದ ಜೂನಿಯರ್ ಬಂದು "ಅಣ್ಣಾ, ಜೆರಾಕ್ಸ್ ಅಂಗಡಿಗೆ ಹೋಗಿ ಬರ್ತೀನಿ, ಕೀ ಕೊಡಿ" ಅಂದ. ಕೊಟ್ರಿ. ಗೇಟಿನಾಚೆ ರಸ್ತೆ ದಾಟುತ್ತಿದ್ದ, 44 ವರ್ಷದ ಹೂವು ಮಾರುವ ಹೆಂಗಸಿಗೆ ಗುದ್ದಿದ. ಆಕೆಯ ಕಾಲಿನ ಮೂಳೆ ಮುರಿದು ರಾಡ್ ಹಾಕಬೇಕಾಯಿತು.

ಹುಡುಗನ ವಿಷಯ ಮೊದಲು ಮುಗಿಸೋಣ. ಅವನ ಪ್ರಕರಣ ಮಾಮೂಲಿ ಕೋರ್ಟಿಗೆ ಹೋಗಲ್ಲ, ಬಾಲ ನ್ಯಾಯ ಮಂಡಳಿಗೆ ಹೋಗುತ್ತೆ. ಅವನಿಗೆ ಇಪ್ಪತ್ತೈದು ತುಂಬುವವರೆಗೆ ಡಿಎಲ್ ಕೊಡುವಂತಿಲ್ಲ ಅಂತಲೂ ಕಾಯ್ದೆ ಹೇಳುತ್ತೆ.

ಈಗ ನೀವು. 2019ರ ತಿದ್ದುಪಡಿಯಲ್ಲಿ ಸೆಕ್ಷನ್ 199ಎ ಅಂತ ಒಂದು ಬಂತು. ಅಪ್ರಾಪ್ತರು ಈ ಕಾಯ್ದೆಯಡಿ ಅಪರಾಧ ಮಾಡಿದರೆ, ಅವರ ಪೋಷಕರು ಅಥವಾ ವಾಹನದ ಮಾಲೀಕರನ್ನೇ ತಪ್ಪಿತಸ್ಥರೆಂದು ಪರಿಗಣಿಸಬೇಕು ಅನ್ನುತ್ತೆ ಅದು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ಗಾಡಿಯ ನೋಂದಣಿ ರದ್ದು. "ಪೋಷಕರು" ಅನ್ನೋ ಪದದ ಮೇಲೇ ಎಲ್ಲರ ಕಣ್ಣು ಹೋಗುತ್ತೆ, ಪಕ್ಕದಲ್ಲಿರುವ "ಮಾಲೀಕರು" ಯಾರಿಗೂ ಕಾಣಲ್ಲ. ಇಪ್ಪತ್ತೊಂದು ವರ್ಷದ ನೀವೂ ಮಾಲೀಕರೇ. ಬೈಕ್ ನಿಮ್ಮಪ್ಪನ ಹೆಸರಲ್ಲಿದ್ದು ಕೀ ಕೊಟ್ಟಿದ್ದು ನೀವಾದರೆ? ಮಾಲೀಕ ಅಂತ ಅಪ್ಪ ಸಿಕ್ಕಿಬೀಳ್ತಾರೆ. ಗಾಡಿಯ ಉಸ್ತುವಾರಿ ಹೊತ್ತವರು ಲೈಸೆನ್ಸ್ ಇಲ್ಲದವರಿಗೆ ಓಡಿಸಲು ಬಿಡುವುದು ಸೆಕ್ಷನ್ 180ರ ಪ್ರಕಾರ ಪ್ರತ್ಯೇಕ ಅಪರಾಧ, ಹಾಗಾಗಿ ನೀವೂ ಸಿಕ್ಕಿಬೀಳ್ತೀರಿ.

ಮೇಲೆ ಹೇಳಿದ ದಂಡ ಹೋಗೋದು ಸರ್ಕಾರಕ್ಕೆ. ಕಾಲು ಮುರಿದುಕೊಂಡ ಆಕೆಗೆ ಅದರಿಂದ ಒಂದು ರೂಪಾಯಿಯೂ ಬರಲ್ಲ. ಪರಿಹಾರ ಬೇಕಾದರೆ ಆಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಬೆಂಗಳೂರಲ್ಲಾದರೆ ಲಘು ವ್ಯವಹಾರಗಳ ನ್ಯಾಯಾಲಯವೇ ಈ ಕೆಲಸ ಮಾಡುತ್ತೆ. ಪರಿಹಾರ ಎಷ್ಟಾಗಬಹುದು ಅನ್ನೋದನ್ನ ನಮ್ಮದೇ ಅಂಕಿಗಳಿಟ್ಟು ಲೆಕ್ಕ ಹಾಕೋಣ. ಆಕೆಯ ದುಡಿಮೆ ತಿಂಗಳಿಗೆ 15,000 ಅಂದುಕೊಳ್ಳಿ, ಅಂದರೆ ವರ್ಷಕ್ಕೆ 1,80,000. ಕಾಲಿನ ಊನದಿಂದ ದುಡಿಯುವ ಶಕ್ತಿ ಶೇಕಡಾ 10ರಷ್ಟು ಕಡಿಮೆಯಾಯಿತು ಎಂದು ನ್ಯಾಯಮಂಡಳಿ ಒಪ್ಪಿತು ಅಂತಿಟ್ಟುಕೊಳ್ಳಿ. ವಯಸ್ಸಿಗೆ ತಕ್ಕ ಗುಣಕವನ್ನು ಸುಪ್ರೀಂ ಕೋರ್ಟ್ ನಿಗದಿ ಮಾಡಿದೆ. 41ರಿಂದ 45 ವರ್ಷದವರಿಗೆ ಅದು 14. ಹಾಗಾಗಿ 1,80,000 × 14ರ ಶೇಕಡಾ 10, ಅಂದರೆ 2,52,000. ಇದಕ್ಕೆ ಆಸ್ಪತ್ರೆ ಬಿಲ್ 1,20,000, ಮೂರು ತಿಂಗಳು ಹಾಸಿಗೆ ಹಿಡಿದಿದ್ದರ ನಷ್ಟ 45,000, ನೋವಿಗೆ 50,000 ಸೇರಿಸಿದರೆ 4,67,000 ರೂಪಾಯಿ. ಮೇಲೆ ಬಡ್ಡಿ. ಜೆರಾಕ್ಸ್ ತರೋಕೆ ಹೋಗಿದ್ದು ನೆನಪಿರಲಿ.

"ಇನ್ಶೂರೆನ್ಸ್ ಇದೆಯಲ್ಲ, ಕಂಪನಿ ಕಟ್ಟುತ್ತೆ ಬಿಡು" ಅನ್ನೋ ಸಮಾಧಾನ ಅರ್ಧ ಮಾತ್ರ ಸರಿ. ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟರೆ ಅದು ಪಾಲಿಸಿಯ ಷರತ್ತಿನ ಉಲ್ಲಂಘನೆ, ಕಂಪನಿ ಅದನ್ನೇ ಹಿಡಿದು ವಾದಿಸುತ್ತೆ. ಆದರೆ ರಸ್ತೆಯಲ್ಲಿ ನಡೆದು ಹೋಗುತ್ತಿದ್ದವರಿಗೂ ನಿಮ್ಮ ಷರತ್ತಿಗೂ ಏನು ಸಂಬಂಧ? ಹಾಗಾಗಿ ನ್ಯಾಯಾಲಯಗಳು ಒಂದು ದಾರಿ ಕಂಡುಕೊಂಡವು. ಕಂಪನಿ ಮೊದಲು ಗಾಯಾಳುವಿಗೆ ಪರಿಹಾರ ಕೊಡಲಿ, ಆಮೇಲೆ ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ. 2004ರ ಸ್ವರಣ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರವಾಗಿ ಹೇಳಿತು. 2020ರಲ್ಲಿ ನಮ್ಮ ಹೈಕೋರ್ಟಿನ ಪೂರ್ಣಪೀಠವೂ ಇದೇ ದಾರಿ ಹಿಡಿಯಿತು. ಈ ತೀರ್ಪುಗಳು ಕಾಯ್ದೆಯ ಹಳೆಯ ಸೆಕ್ಷನ್ 149ರ ಮೇಲೆ ಬಂದವು. 2019ರ ತಿದ್ದುಪಡಿಯಿಂದ ಈ ವಿಷಯ ಸೆಕ್ಷನ್ 150ಕ್ಕೆ ಹೋಗಿದೆ, ಪದಗಳೂ ಕೊಂಚ ಬದಲಾಗಿವೆ. ಅದಕ್ಕೇ ಗಾಯಾಳುವಿನ ವಕೀಲರು ಈ ಆದೇಶವನ್ನು ಅರ್ಜಿಯಲ್ಲೇ ಬಿಡಿಸಿ ಕೇಳಿಕೊಳ್ಳುವುದು ಒಳ್ಳೆಯದು.

ವಸೂಲಿಗೆ ಕಂಪನಿ ನಿಮ್ಮ ಮೇಲೆ ಹೊಸ ದಾವೆ ಹೂಡಬೇಕಿಲ್ಲ, ಅದೇ ನ್ಯಾಯಮಂಡಳಿಯಲ್ಲಿ ಅಮಲ್ಜಾರಿ ಅರ್ಜಿ ಹಾಕಿದರೆ ಸಾಕು. ಇತ್ತ ಹುಡುಗನ ಅಪ್ಪ-ಅಮ್ಮ, ಹೆತ್ತವರು ಅನ್ನೋ ಒಂದೇ ಕಾರಣಕ್ಕೆ ಪರಿಹಾರ ಕಟ್ಟುವ ಹೊಣೆಗೆ ಬೀಳಲ್ಲ. ಗಾಡಿ ಅವರದಾಗಿದ್ದರೆ, ಇಲ್ಲವೇ ಓಡಿಸಲು ಬಿಟ್ಟವರು ಅವರೇ ಆಗಿದ್ದರೆ ಮಾತು ಬೇರೆ. ಹುಡುಗನೇನೋ ಕಾನೂನಿನ ಪ್ರಕಾರ ತನ್ನ ತಪ್ಪಿಗೆ ತಾನೇ ಹೊಣೆ, ಆದರೆ ಅವನ ಹತ್ತಿರ ವಸೂಲಿ ಮಾಡೋಕೆ ಏನಿರುತ್ತೆ? ಕೊನೆಗೆ ಎಲ್ಲರ ಬೆರಳೂ ಆರ್‌ಸಿಯಲ್ಲಿರುವ ಹೆಸರಿನ ಕಡೆಗೇ ತಿರುಗುತ್ತೆ.

ತಪ್ಪಿಸಿಕೊಳ್ಳೋ ದಾರಿ ಇಲ್ವಾ? ಒಂದಿದೆ. ನನಗೆ ಗೊತ್ತಿಲ್ಲದೆ ಗಾಡಿ ಒಯ್ದ, ಅಥವಾ ಹಾಗಾಗದಂತೆ ನಾನು ಎಲ್ಲ ಎಚ್ಚರಿಕೆ ವಹಿಸಿದ್ದೆ ಅಂತ ರುಜುವಾತು ಮಾಡಿದರೆ 199ಎ ಶಿಕ್ಷೆ ಆಗಲ್ಲ. ಆದರೆ ನಿಮ್ಮ ಒಪ್ಪಿಗೆಯಿಂದಲೇ ಒಯ್ದ ಅಂತ ನ್ಯಾಯಾಲಯ ಮೊದಲೇ ಭಾವಿಸಿಕೊಂಡಿರುತ್ತೆ, ಅಲ್ಲ ಅಂತ ತೋರಿಸೋ ಹೊರೆ ನಿಮ್ಮದು. "ಕೀ ಟೇಬಲ್ ಮೇಲಿದೆ, ತಗೋ" ಅಂತ ನೀವೇ ಕಳಿಸಿದ ವಾಟ್ಸಾಪ್ ಮೆಸೇಜ್ ಒಂದಿದ್ದರೆ ಆ ವಾದ ಅಲ್ಲಿಗೇ ಮುಗೀತು. ಪರಿಹಾರದ ಲೆಕ್ಕದಲ್ಲಂತೂ ಇನ್ನೂ ಬಿಗಿ. ಅನುಮತಿಯಿಲ್ಲದೆ ಹುಡುಗ ಕೀ ಒಯ್ದಿದ್ದ ಅಂತ ಮಾಲೀಕ ಹೇಳಿದ್ದ ಒಂದು ಪ್ರಕರಣದಲ್ಲಿ, ಗಾಡಿ ಅಪ್ರಾಪ್ತನ ಕೈಗೆ ಸಿಗದಂತೆ ನೋಡಿಕೊಳ್ಳೋದು ಮಾಲೀಕನ ಜವಾಬ್ದಾರಿ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿ, ವಸೂಲಿ ಆದೇಶವನ್ನು ಹಾಗೇ ಉಳಿಸಿತು.

ಇಂಥ ಹೊತ್ತಲ್ಲಿ ಹಾಸ್ಟೆಲ್ಲಿನ ಜಾಣರು ಕೊಡೋ ಸಲಹೆ ಒಂದೇ: "ಮಗಾ, ಡಿಎಲ್ ಇರೋನು ಓಡಿಸ್ತಿದ್ದ ಅಂತ ಹೇಳ್ಬಿಡು." ಇದು ಬಯಲಾಗೋದು ಹೆಚ್ಚಾಗಿ ಆಸ್ಪತ್ರೆಯ ದಾಖಲೆಯಿಂದಲೇ. ಅಪಘಾತದ ಗಾಯಾಳು ಬಂದ ತಕ್ಷಣ ವೈದ್ಯರು ಎಂಎಲ್‌ಸಿ ಪುಸ್ತಕದಲ್ಲಿ ಏನಾಯಿತು, ಹೇಗಾಯಿತು ಅಂತ ಬರೆದುಕೊಳ್ತಾರೆ. ಯಾರೂ ಕಥೆ ಕಟ್ಟುವ ಮುಂಚೆ ಬರೆದ ಸಾಲುಗಳು ಅವು. ಬಿದ್ದ ಹುಡುಗನೂ ಮೊಣಕೈ ತೋರಿಸಿ ಹೊಲಿಗೆ ಹಾಕಿಸಿಕೊಂಡಿದ್ದರೆ ಅವನ ಹೆಸರು, ವಯಸ್ಸು ಅಲ್ಲೇ ಇರುತ್ತೆ. ಅಂಗಡಿಯ ಸಿಸಿಟಿವಿ ಬೇರೆ. ಕಂಪನಿಯ ತನಿಖೆಯವರು ಇವನ್ನೆಲ್ಲ ತೆಗೆಸಿ ನೋಡ್ತಾರೆ. ಸುಳ್ಳು ಸಿಕ್ಕಿಬಿದ್ದರೆ ನಿಮ್ಮ ಮೇಲೆ, ಹೆಸರು ಕೊಟ್ಟ ಗೆಳೆಯನ ಮೇಲೆ ಹೊಸ ಕೇಸು. ಅದಕ್ಕಿಂತ ಕೆಟ್ಟದ್ದೆಂದರೆ, ಆಕೆಯ ಪರಿಹಾರವೂ ಈ ಗೊಂದಲದಲ್ಲಿ ಸಿಕ್ಕಿ ವರ್ಷಗಟ್ಟಲೆ ಎಳೆಯುತ್ತೆ.

ಇನ್ನೊಂದು ಸಂಗತಿ ಔಟ್‌ಗೋಯಿಂಗ್ ಬ್ಯಾಚಿನವರಿಗೆ. ಕ್ಯಾಂಪಸ್ ಬಿಡುವಾಗ ಬೈಕನ್ನು ಜೂನಿಯರ್‌ಗೆ ಮಾರಿ, ದುಡ್ಡು ಎಣಿಸಿಕೊಂಡು, ಆರ್‌ಸಿ ಕಾರ್ಡನ್ನು ಅವನ ಕೈಗಿಟ್ಟು ಹೋಗೋದು ರೂಢಿ. ಗಾಡಿ ಮಾರಿದ್ದೆ ಅಂತ ಆಮೇಲೆ ಹೇಳಿದರೆ ನಡೆಯಲ್ಲ. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ನೀವು ಪುಣೆಯಲ್ಲಿ ಕೆಲಸದಲ್ಲಿರ್ತೀರಿ, ಕೊಂಡವನ ತಮ್ಮ ಊರಲ್ಲಿ ಯಾರಿಗೋ ಗುದ್ದಿರ್ತಾನೆ, ನೋಟಿಸು ನಿಮ್ಮ ಮನೆಗೆ. ಇದಕ್ಕೆ ಮದ್ದು ಫಾರಂ 29 ಮತ್ತು 30. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಹೆಸರು ಬದಲಾದ ಮೇಲೆ ಆನ್‌ಲೈನಲ್ಲಿ ಗಾಡಿ ನಂಬರ್ ಹಾಕಿ ಒಮ್ಮೆ ನೋಡಿ, ಹೊಸ ಆರ್‌ಸಿಯ ಫೋಟೊ ಇಟ್ಟುಕೊಳ್ಳಿ. ಇನ್ಶೂರೆನ್ಸ್‌ನಲ್ಲಿ ಹೆಸರು ಬದಲಿಸುವ ಅರ್ಜಿಯನ್ನು ಕೊಂಡವನು ಬೇರೆಯಾಗಿ ಕೊಡಬೇಕು.