ಮನೆಯ ವೈಫೈ ಪೆಟ್ಟಿಗೆಗೆ ಎರಡು ಬೀಗ

ನಮ್ಮ ವೈಫೈ ಪಾಸ್‌ವರ್ಡ್ ಸಾಕಷ್ಟು ಉದ್ದವಿದೆ, ಯಾರೂ ಊಹಿಸಲಾರರು. ಆದರೂ ರಜೆಗೆ ಬಂದ ಮೊಮ್ಮಗ ‘ಅಜ್ಜ, ರೌಟರ್‌ನ ಪಾಸ್‌ವರ್ಡ್ ಇನ್ನೂ admin ಅಂತಲೇ ಇದೆ’ ಎಂದು ನಕ್ಕ. ಇವೆರಡೂ ಬೇರೆ ಬೇರೆಯೇ? ಬದಲಿಸದಿದ್ದರೆ ಏನಾಗುತ್ತದೆ?
*ನಿವೃತ್ತ ಶಿಕ್ಷಕರು, ಧಾರವಾಡ*

ಬೇರೆಯೇ, ಮೇಷ್ಟ್ರೇ. ವೈಫೈ ಪಾಸ್‌ವರ್ಡ್ ಇದ್ದವರು ನಿಮ್ಮ ಇಂಟರ್ನೆಟ್ ಬಳಸಬಹುದು. ಅಡ್ಮಿನ್ ಪಾಸ್‌ವರ್ಡ್ ಇದ್ದವರು ಆ ಪೆಟ್ಟಿಗೆಯ ಯಜಮಾನರೇ ಆಗುತ್ತಾರೆ. ಕಂಪನಿಯಿಂದ ಬರುವಾಗ ಎಷ್ಟೋ ರೌಟರ್‌ಗಳಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ admin ಎಂದೇ ಇರುತ್ತವೆ. ಕೇಬಲ್ ಹುಡುಗ ಬಂದು ವೈಫೈಗೆ ನೀವು ಹೇಳಿದ ಹೆಸರಿಟ್ಟು ಹೋಗುತ್ತಾನೆಯೇ ಹೊರತು ಇದರ ತಂಟೆಗೆ ಹೋಗುವುದಿಲ್ಲ.

ಯಜಮಾನಿಕೆ ಕೈಗೆ ಸಿಕ್ಕವನು ಮೊದಲು ಮುಟ್ಟುವುದು DNS ಎಂಬ ಜಾಗವನ್ನು. ನೀವು ಬ್ಯಾಂಕಿನ ಹೆಸರು ಟೈಪ್ ಮಾಡಿದಾಗ ಆ ಹೆಸರಿಗೆ ಸೇರಿದ ಅಂಕಿ ವಿಳಾಸ ಯಾವುದೆಂದು ಹೇಳುವ ಸರ್ವರ್ ಯಾವುದು ಎಂಬುದು ಅಲ್ಲಿ ನಮೂದಾಗಿರುತ್ತದೆ. ಅದನ್ನು ಬದಲಿಸಿದರೆ ನೀವು ಸರಿಯಾದ ಹೆಸರನ್ನೇ ಬರೆದರೂ ತಲುಪುವುದು ಬೇರೆಯವರ ಅಂಗಳಕ್ಕೆ. ಬ್ರೌಸರ್ ಆಗ ಸರ್ಟಿಫಿಕೇಟ್ ಸರಿಯಿಲ್ಲ ಎಂದು ಸಾಮಾನ್ಯವಾಗಿ ಎಚ್ಚರಿಸುತ್ತದೆ. ನಮ್ಮಲ್ಲಿ ಬಹಳ ಜನ ಅದನ್ನು ಓದದೇ ಮುಂದೆ ಒತ್ತುತ್ತಾರೆ.

ಇದಕ್ಕೆ ಕಳ್ಳ ನಿಮ್ಮ ಬೀದಿಗೆ ಬರಬೇಕಾಗಿಲ್ಲ. ಮನೆಯ ಯಾವುದೋ ಫೋನಿನಲ್ಲಿ ಕೂತ ಕೆಟ್ಟ ಆ್ಯಪ್ ಒಳಗಿನಿಂದಲೇ admin ಎಂದು ಬಾಗಿಲು ತಟ್ಟಬಹುದು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಕ್ಯಾಮೆರಾ, ರೌಟರ್‌ಗಳನ್ನು ವಶಪಡಿಸಿಕೊಂಡದ್ದು ಸುಮಾರು 60 ಕಾರ್ಖಾನೆ ಪಾಸ್‌ವರ್ಡ್‌ಗಳ ಒಂದು ಪಟ್ಟಿಯ ಬಲದಿಂದ. ಆ ವರ್ಷದ ಅಕ್ಟೋಬರ್ 21ರಂದು ಅದು ಡೈನ್ ಎಂಬ DNS ಕಂಪನಿಯ ಮೇಲೆ ಎರಗಿದ್ದರಿಂದ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಮೆರಿಕದ ಹಲವೆಡೆ ಗಂಟೆಗಟ್ಟಲೆ ತೆರೆಯಲಿಲ್ಲ.

ಬದಲಿಸುವುದು ಕಷ್ಟವಲ್ಲ. ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ ನಿಮ್ಮ ನೆಟ್‌ವರ್ಕ್‌ನ ಹೆಸರು ಒತ್ತಿದರೆ Gateway ಅಥವಾ Router ಎಂಬ ಸಾಲು ಕಾಣುತ್ತದೆ. ಅಲ್ಲಿರುವುದೇ ಪೆಟ್ಟಿಗೆಯ ವಿಳಾಸ, ಹೆಚ್ಚಾಗಿ 192.168.1.1 ಅಥವಾ 192.168.0.1. ಮೊಬೈಲ್ ಡೇಟಾ ಆರಿಸಿ, ಬ್ರೌಸರ್‌ನಲ್ಲಿ ಮುಂದೆ http:// ಸೇರಿಸಿ ಆ ವಿಳಾಸ ಬರೆಯಿರಿ. ‘Not secure’ ಎಂದು ಬಂದರೆ ಗಾಬರಿ ಬೇಡ, ಪುಟ ಮನೆಯೊಳಗಿನದೇ. ಒಳಗೆ ಹೋದ ಮೇಲೆ System Tools, Administration ಅಥವಾ Management ಎಂಬಲ್ಲಿ ಪಾಸ್‌ವರ್ಡ್ ಬದಲಿಸುವ ಜಾಗವಿರುತ್ತದೆ. ಯೂಸರ್‌ನೇಮ್ ಬದಲಿಸಲು ಬಿಡದಿದ್ದರೆ ಚಿಂತೆಯಿಲ್ಲ. ಹೊಸ ಪಾಸ್‌ವರ್ಡ್ ವೈಫೈಯದ್ದೇ ಆಗಿರಬಾರದು. ಡೈರಿಯಲ್ಲಿ ಬರೆದಿಡಿ, ತಪ್ಪೇನಿಲ್ಲ. ಪೆಟ್ಟಿಗೆಯ ಮೇಲೆ ಮಾತ್ರ ಅಂಟಿಸಬೇಡಿ.

ಆಮೇಲೆ ಲಾಗ್‌ಔಟ್ ಆಗಿ, ಬೇಕೆಂದೇ ಹಳೆಯ admin ಹಾಕಿ ನೋಡಿ. ಒಳಗೆ ಬಿಡಬಾರದು. ಬಿಟ್ಟರೆ ನೀವು Save ಒತ್ತಿಲ್ಲ ಎಂದರ್ಥ. ಒಳಗಿದ್ದಾಗಲೇ Remote Management ಎಂಬುದು ಆರಿದೆಯೇ ನೋಡಿ. ಅದು ಹೊರಗಿನ ಇಂಟರ್ನೆಟ್‌ನಿಂದ ಅಡ್ಮಿನ್ ಪುಟ ತೆರೆಯುವ ದಾರಿ, ಮನೆಗೆ ಬೇಡ. DNS ಜಾಗದಲ್ಲಿ ರೌಟರ್‌ನದ್ದೇ ವಿಳಾಸ, ನಿಮ್ಮ ಇಂಟರ್ನೆಟ್ ಕಂಪನಿಯದ್ದು, ಇಲ್ಲವೇ 8.8.8.8, 1.1.1.1ನಂಥ ಪರಿಚಿತ ಅಂಕಿ ಇರಬೇಕು. ಯಾರದೆಂದು ಗೊತ್ತಾಗದ ಅಂಕಿ ಇದ್ದರೆ ಕಂಪನಿಗೆ ಫೋನ್ ಮಾಡಿ ಕೇಳಿ.

ಇನ್ನೊಂದು ಮಾತು. ಪಾಸ್‌ವರ್ಡ್ ಮರೆತರೆ ಹಿಂಭಾಗದ ಸಣ್ಣ ತೂತಿಗೆ ಪಿನ್ನು ಚುಚ್ಚಿ ಹತ್ತು ಸೆಕೆಂಡು ಒತ್ತಿ ಎಂದು ಎಲ್ಲರೂ ಹೇಳುತ್ತಾರೆ. ಅದು ಬರೀ ಆರಿಸಿ ಹೊತ್ತಿಸುವುದಲ್ಲ, ಪೆಟ್ಟಿಗೆಯನ್ನು ಕಾರ್ಖಾನೆಯ ಸ್ಥಿತಿಗೆ ಒಯ್ಯುವುದು. ಕಂಪನಿ ತುಂಬಿಸಿದ್ದ PPPoE ಯೂಸರ್‌ನೇಮ್, ಪಾಸ್‌ವರ್ಡ್ ಕೂಡ ಅಳಿಸಿಹೋಗಿ, ಅವರು ಬರುವ ತನಕ ಇಂಟರ್ನೆಟ್ ಇಲ್ಲದೆ ಕೂರಬೇಕಾದೀತು. WAN ಪುಟದ ಒಂದು ಫೋಟೋ ತೆಗೆದಿಟ್ಟು, ಆ ಪಾಸ್‌ವರ್ಡನ್ನು ಕಂಪನಿಯಿಂದ ಕೇಳಿ ಬರೆದುಕೊಂಡಿರಿ. ಪುಟದಲ್ಲಿ ಅದು ಬರೀ ಚುಕ್ಕಿಗಳಾಗಿ ಕಾಣುತ್ತದೆ.

ಮೂರು ಕೋಣೆಗಳ ಸಣ್ಣ ಹೋಮ್‌ಸ್ಟೇ ನಮ್ಮದು. ವೈಫೈ ಪಾಸ್‌ವರ್ಡನ್ನು ಚೌಕಟ್ಟು ಹಾಕಿಸಿ ಕೋಣೆಗಳಲ್ಲಿ ತೂಗುಹಾಕಿದ್ದೇವೆ. ಮೊನ್ನೆ ಅತಿಥಿಗಳ ಮಗು ಫೋನ್ ಒತ್ತಿದ್ದೇ ತಡ, ನಮ್ಮ ಹಜಾರದ ಟಿವಿಯಲ್ಲಿ ಕಾರ್ಟೂನ್ ಶುರುವಾಯಿತು. ಹಾಗಾದರೆ ನಮ್ಮ ಸಿಸಿಟಿವಿಯೂ ಅವರಿಗೆ ಕಾಣುತ್ತದೆಯೇ?
*ಗೃಹಿಣಿ, ಸಕಲೇಶಪುರ*

ಚಿತ್ರ ಕಾಣಲಿಕ್ಕಿಲ್ಲ. ಆದರೆ ಸಿಸಿಟಿವಿಯ ರೆಕಾರ್ಡರ್‌ನ ಲಾಗಿನ್ ಪುಟದವರೆಗೆ ಅವರು ಬರಬಹುದು. ಅದರ ಪಾಸ್‌ವರ್ಡೂ ಕಾರ್ಖಾನೆಯದ್ದೇ ಆಗಿದ್ದರೆ ಚಿತ್ರವೂ ಕಂಡೀತು. ಒಂದೇ ವೈಫೈಯಲ್ಲಿ ಇರುವವರೆಲ್ಲ ಸಾಮಾನ್ಯವಾಗಿ ಒಬ್ಬರನ್ನೊಬ್ಬರು ತಲುಪಬಲ್ಲರು. ಆ ಮಗು ಅದನ್ನು ಪುಕ್ಕಟೆಯಾಗಿ ತೋರಿಸಿಕೊಟ್ಟಿತು.

ನಿಮ್ಮ ರೌಟರ್‌ನಲ್ಲಿ Guest Network ಎಂಬ ಪುಟವಿದ್ದರೆ ಚೌಕಟ್ಟುಗಳನ್ನು ಇಳಿಸುವ ಗೋಜೇ ಇಲ್ಲ. ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಎರಡನ್ನೂ ಅತಿಥಿಗಳಿಗೇ ಬಿಟ್ಟುಕೊಟ್ಟು, ಮನೆಯವರು ಹೊಸ ಹೆಸರಿಗೆ ಹೋಗಿ.

ಮೊದಲು Wireless ಪುಟದಲ್ಲಿ ಮುಖ್ಯ ವೈಫೈಗೆ ಹೊಸ ಹೆಸರು, ಹೊಸ ಪಾಸ್‌ವರ್ಡ್ ಕೊಡಿ. ಎಲ್ಲರ ಸಂಪರ್ಕವೂ ಆ ಕ್ಷಣ ಕಡಿದುಹೋಗುತ್ತದೆ, ಹೆದರಬೇಡಿ. ಅತಿಥಿಗಳಿಲ್ಲದ ಹೊತ್ತು ನೋಡಿಕೊಂಡರೆ ಸಾಕು. ಆಮೇಲೆ ನಿಮ್ಮ ಫೋನು, ಟಿವಿ, ಪ್ರಿಂಟರ್‌ಗಳನ್ನು ಒಂದೊಂದಾಗಿ ಹೊಸ ಹೆಸರಿಗೆ ಸೇರಿಸಿ. ಸೇರಿಸುವ ಮುನ್ನ ಪ್ರತಿಯೊಂದರಲ್ಲೂ ಹಳೆಯ ಹೆಸರನ್ನು Forget ಕೊಟ್ಟು ಅಳಿಸಲೇಬೇಕು. ಈ ಕೆಲಸದಲ್ಲಿ ಎಡವುವುದು ಬಹುತೇಕ ಇಲ್ಲೇ. ಟಿವಿಗೆ ಹಳೆಯ ಹೆಸರು ನೆನಪಿದ್ದರೆ, ಕರೆಂಟು ಹೋಗಿ ಬಂದ ದಿನ ಅದು ಸದ್ದಿಲ್ಲದೆ ಅತಿಥಿಗಳ ಸಾಲಿಗೆ ಹೋಗಿ ಕೂರುತ್ತದೆ. ರೆಕಾರ್ಡರ್ ಕೇಬಲ್‌ನಲ್ಲಿದ್ದರೆ ಅದನ್ನು ಮುಟ್ಟಬೇಕಿಲ್ಲ, ಅದು ಮುಖ್ಯ ಬದಿಯಲ್ಲೇ ಉಳಿಯುತ್ತದೆ.

ಇನ್ನು ಅತಿಥಿಗಳದ್ದು. Guest Network ಪುಟದಲ್ಲಿ ಹಳೆಯ ಹೆಸರು, ಪಾಸ್‌ವರ್ಡನ್ನು ಅಕ್ಷರ ತಪ್ಪದೆ ಬರೆಯಿರಿ. ದೊಡ್ಡಕ್ಷರ, ಚಿಕ್ಕಕ್ಷರವೂ ಹಾಗೆಯೇ ಇರಲಿ. ಭದ್ರತೆ WPA2 ಇರಲಿ, ‘ಅತಿಥಿಗಳಿಗೆ ತಾನೇ’ ಎಂದು ಪಾಸ್‌ವರ್ಡ್ ಇಲ್ಲದೆ ಬಿಡಬೇಡಿ. ಅದೇ ಪುಟದಲ್ಲಿ ಎರಡು ಚೌಕಗಳು ಕಾಣುತ್ತವೆ. ಅತಿಥಿಗಳು ಮನೆಯ ಸಾಧನಗಳನ್ನು ತಲುಪಲಿ ಎಂಬ ಅರ್ಥದ ಸಾಲಿನಲ್ಲಿ local network ಎಂಬ ಪದವಿರುತ್ತದೆ. ಇನ್ನೊಂದು, ಅತಿಥಿಗಳು ಒಬ್ಬರನ್ನೊಬ್ಬರು ನೋಡಲಿ ಎನ್ನುವುದು. ಎರಡರಲ್ಲೂ ಟಿಕ್ ಇರಬಾರದು. ಮೊದಲನೆಯದರಲ್ಲಿ ಟಿಕ್ ಉಳಿದರೆ ನೀವು ಮಾಡಿದ್ದು ಎರಡು ಹೆಸರಿನ ಒಂದೇ ವೈಫೈ.

ಮಾಡಿ ಮುಗಿಸಿದ ಮೇಲೆ ಪರೀಕ್ಷೆ. ಒಂದು ಫೋನನ್ನು ಅತಿಥಿ ವೈಫೈಗೆ ಸೇರಿಸಿ, ಮೊಬೈಲ್ ಡೇಟಾ ಆರಿಸಿ. ಇಂಟರ್ನೆಟ್ ಬರಬೇಕು. ಯೂಟ್ಯೂಬ್ ತೆರೆದರೆ ನಿಮ್ಮ ಟಿವಿಯ ಹೆಸರು ಕಾಸ್ಟ್ ಪಟ್ಟಿಯಲ್ಲಿ ಇರಬಾರದು. ರೌಟರ್‌ನ ವಿಳಾಸ ಬರೆದರೆ ಪುಟ ತೆರೆಯಬಾರದು. ರೆಕಾರ್ಡರ್‌ನ ವಿಳಾಸ, ಉದಾಹರಣೆಗೆ 192.168.0.20 ಇದ್ದರೆ, ಅದೂ ತೆರೆಯಬಾರದು. ಕೆಲವು ರೌಟರ್‌ಗಳು ರೌಟರ್‌ನ ಲಾಗಿನ್ ಪುಟವನ್ನು ಮಾತ್ರ ಅತಿಥಿಗಳಿಗೂ ತೋರಿಸುತ್ತವೆ. ಮೇಲಿನ ಮೇಷ್ಟ್ರಿಗೆ ಬರೆದ ಉತ್ತರ ನಿಮಗೂ ಬೇಕಾಗುವುದು ಅದಕ್ಕೇ.

ಇದರ ಮಿತಿಯೂ ತಿಳಿದಿರಲಿ. ಅತಿಥಿಗಳಿಗೆ ನಿಮ್ಮ ಪ್ರಿಂಟರ್ ಸಿಗದು. ಟಿಕೆಟ್ ಪ್ರಿಂಟ್ ಬೇಕೆಂದರೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿಕೊಂಡು ನೀವೇ ಕೊಡಬೇಕು. ಅವರ ಕೋಣೆಯಲ್ಲೂ ಟಿವಿ ಇದ್ದು, ಅದಕ್ಕೆ ಫೋನಿನಿಂದ ಕಾಸ್ಟ್ ಮಾಡಬೇಕೆಂದರೆ ಎರಡನೆಯ ಚೌಕಕ್ಕೆ ಟಿಕ್ ಹಾಕಬೇಕು. ಹಾಕಿದರೆ ಪಕ್ಕದ ಕೋಣೆಯವರೂ ಅದೇ ಟಿವಿಯನ್ನು ಆಡಿಸಬಲ್ಲರು. ನನ್ನ ಕೇಳಿದರೆ ಟಿವಿಗೊಂದು ಎಚ್‌ಡಿಎಂಐ ಕೇಬಲ್ ಇಟ್ಟುಬಿಡಿ, ಲ್ಯಾಪ್‌ಟಾಪ್ ತಂದವರು ಸಿಕ್ಕಿಸಿಕೊಳ್ಳುತ್ತಾರೆ. ಹಾಗೆಯೇ ಅತಿಥಿ ವೈಫೈಯಲ್ಲಿ ಯಾರು ಏನೇ ಮಾಡಿದರೂ ಹೊರಗಿನವರಿಗೆ ಕಾಣುವುದು ನಿಮ್ಮ ಸಂಪರ್ಕದ್ದೇ ವಿಳಾಸ. ಮನೆಯೊಳಗೆ ಗೋಡೆ ಎದ್ದಿತು, ರಸ್ತೆಯ ಕಡೆಗೆ ಬಾಗಿಲು ಒಂದೇ. ಆದ್ದರಿಂದ ಆಗೊಮ್ಮೆ ಈಗೊಮ್ಮೆ ಅತಿಥಿ ಪಾಸ್‌ವರ್ಡ್ ಬದಲಿಸಿ. ಇನ್ನು ಮುಂದೆ ಅದಕ್ಕಾಗಿ ಟಿವಿ, ಪ್ರಿಂಟರ್ ಮುಂದೆ ಕೂರಬೇಕಿಲ್ಲ.

ಇಂಟರ್ನೆಟ್ ಕಂಪನಿ ಕೊಟ್ಟ ಪೆಟ್ಟಿಗೆಗೆ ನಾನೇ ಕೊಂಡ ರೌಟರ್ ಸೇರಿಸಿದ್ದೇನೆ. ನನ್ನ ರೌಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ಮಾಡಿ ಎಲ್ಲ ಟಿಕ್ ತೆಗೆದೆ. ಆದರೂ ಗೆಸ್ಟ್‌ನಲ್ಲಿರುವ ಫೋನಿನಿಂದ 192.168.1.1 ಬರೆದರೆ ಕಂಪನಿ ಪೆಟ್ಟಿಗೆಯ ಲಾಗಿನ್ ಪುಟ ತೆರೆಯುತ್ತದೆ. ರೌಟರ್ ಕೆಟ್ಟಿದೆಯೇ?
*ಬಿ.ಕಾಂ. ವಿದ್ಯಾರ್ಥಿ, ಮೈಸೂರು*

ಕೆಟ್ಟಿಲ್ಲ. ನಿಮ್ಮಂತೆ ಪರೀಕ್ಷಿಸಿ ನೋಡುವವರೇ ಅಪರೂಪ. ಗೆಸ್ಟ್ ನೆಟ್‌ವರ್ಕ್ ತಡೆಯುವುದು ತನ್ನ ಬೆನ್ನ ಹಿಂದಿರುವ ಮನೆಯ ಸಾಧನಗಳ ಕಡೆ ಹೋಗುವುದನ್ನು. ನಿಮ್ಮ ರೌಟರ್‌ನ ಲೆಕ್ಕದಲ್ಲಿ ಕಂಪನಿಯ ಪೆಟ್ಟಿಗೆ ಮನೆಯದ್ದಲ್ಲ, ಇಂಟರ್ನೆಟ್ ಬರುವ ದಿಕ್ಕಿನದು. ಇಂಟರ್ನೆಟ್ ಕಡೆಗೆ ಹೋಗಲು ಗೆಸ್ಟ್‌ಗೆ ಪರವಾನಗಿಯಿದೆಯಲ್ಲ, ಆ ದಾರಿಯಲ್ಲೇ ಪೆಟ್ಟಿಗೆ ಸಿಗುತ್ತದೆ. ಅದಕ್ಕೆ ನೇರವಾಗಿ ಕೇಬಲ್ ಹಾಕಿದ ಕ್ಯಾಮೆರಾ, ಹಾರ್ಡ್‌ಡಿಸ್ಕ್ ಇದ್ದರೆ ಅವೂ ಸಿಗುತ್ತವೆ.

ಕಂಪನಿ ಪೆಟ್ಟಿಗೆಯ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಅದರ ವೈಫೈ ಆರಿಸಿ, ಅದಕ್ಕೆ ಕಟ್ಟಿದ್ದನ್ನೆಲ್ಲ ನಿಮ್ಮ ರೌಟರ್‌ಗೆ ತನ್ನಿ. ಇದು ಸುಲಭದ ದಾರಿ. ಇನ್ನೂ ಗಟ್ಟಿಯಾಗಬೇಕೆಂದರೆ ಅದಲುಬದಲು ಮಾಡಿ: ಅತಿಥಿಗಳು ಕಂಪನಿ ಪೆಟ್ಟಿಗೆಯ ವೈಫೈಯಲ್ಲಿರಲಿ, ಮನೆಯದ್ದೆಲ್ಲ ನಿಮ್ಮ ರೌಟರ್‌ನ ಹಿಂದಿರಲಿ. ಹೊರಗಿನಿಂದ ಒಳಗೆ ಬರುವುದನ್ನು ನಿಮ್ಮ ರೌಟರ್ ತಾನಾಗಿಯೇ ತಡೆಯುತ್ತದೆ. ಹೀಗೆ ಮಾಡಿದರೂ ಹೊರಪೆಟ್ಟಿಗೆಯ ಅಡ್ಮಿನ್ ಪಾಸ್‌ವರ್ಡ್ ಬದಲಾಗಲೇಬೇಕು, ಏಕೆಂದರೆ ಈಗ ಅತಿಥಿಗಳು ಅದರ ಮನೆಯಲ್ಲೇ ಕೂತಿದ್ದಾರೆ.

ನಿಮ್ಮ ರೌಟರನ್ನು Access Point ಮೋಡ್‌ಗೆ ಹಾಕಬೇಡಿ. ಆ ಮೋಡ್‌ನಲ್ಲಿ ಎಷ್ಟೋ ಮಾಡೆಲ್‌ಗಳಲ್ಲಿ ಗೆಸ್ಟ್ ಎಂಬುದು ಹೆಸರಿಗಷ್ಟೇ ಉಳಿಯುತ್ತದೆ, ಇಲ್ಲವೇ ಮಾಯವಾಗುತ್ತದೆ. ಫೋನಿನ ವಿಳಾಸ ನೋಡಿ ತೀರ್ಮಾನಿಸುವುದೂ ಸಲ್ಲದು. ಮನೆಗೂ ಗೆಸ್ಟ್‌ಗೂ 192.168.0ರ ಸಾಲಿನದ್ದೇ ವಿಳಾಸ ಕೊಟ್ಟು, ನಡುವೆ ತಡೆ ಹಾಕುವ ರೌಟರ್‌ಗಳಿವೆ. ನೀವು ಮಾಡಿದಂತೆ ತೆರೆದು ನೋಡುವುದೇ ಸರಿ.

ವೈಫೈ ಹೆಸರನ್ನೇ ಅಡಗಿಸಿಟ್ಟರೆ ಇಷ್ಟೆಲ್ಲ ಬೇಕೇ?
*ಔಷಧ ಅಂಗಡಿ ಮಾಲೀಕರು, ಶಿರಸಿ*

ಬೇಕು. ಅಡಗಿಸಿದ ಹೆಸರು ಫೋನಿನ ಪಟ್ಟಿಯಲ್ಲಿ ಮಾತ್ರ ಕಾಣದು. ನಿಮ್ಮದೇ ಸಾಧನ ಸೇರಿಕೊಳ್ಳುವಾಗ ಆ ಹೆಸರು ಗಾಳಿಯಲ್ಲಿ ಬಯಲಾಗಿಯೇ ಹೋಗುತ್ತದೆ, ಹಿಡಿಯುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಮೇಲಾಗಿ ಹೆಸರು ಅಡಗಿಸಿದ ವೈಫೈಯನ್ನು ನೆನಪಿಟ್ಟುಕೊಂಡ ಫೋನು, ಅಂಗಡಿಯಿಂದ ದೂರ ಹೋದಾಗಲೂ ‘ಇದ್ದೀಯಾ?’ ಎಂದು ಅದರ ಹೆಸರು ಹಿಡಿದು ಕೂಗುತ್ತಿರುತ್ತದೆ. ಹೆಸರು ಕಾಣಲಿ ಬಿಡಿ. ಬಿಲ್ಲಿಂಗ್ ಕಂಪ್ಯೂಟರ್ ಮತ್ತು ಕಾರ್ಡ್ ಮೆಷಿನ್ ಮುಖ್ಯ ವೈಫೈಯಲ್ಲಿರಲಿ, ಕೇಳಿದ ಗ್ರಾಹಕರಿಗೆ ಗೆಸ್ಟ್ ಕೊಡಿ. ನಿಮ್ಮ ಪೆಟ್ಟಿಗೆಯಲ್ಲಿ Guest Network ಎಂಬ ಪುಟ ಇಲ್ಲದಿದ್ದರೆ SSID2 ಎಂಬುದನ್ನು ಹುಡುಕಿ, ಅದನ್ನು ಹೊತ್ತಿಸಿ, ಪಕ್ಕದಲ್ಲಿ Isolation ಎಂಬ ಚೌಕವಿದ್ದರೆ ಟಿಕ್ ಹಾಕಿ. ಗಮನಿಸಿ, ಇಲ್ಲಿ ಟಿಕ್ ಹಾಕಬೇಕು, ತೆಗೆಯುವುದಲ್ಲ. ಆಮೇಲೆ ಗೆಸ್ಟ್‌ನಿಂದ ಬಿಲ್ಲಿಂಗ್ ಪ್ರಿಂಟರ್ ತಲುಪುತ್ತದೆಯೇ ನೋಡಿ. ತಲುಪಿದರೆ ಆ ಪೆಟ್ಟಿಗೆಯ ತಡೆ ಸಾಲದು, ಬೇರೆ ರೌಟರ್ ಕೊಂಡು ಅಂಗಡಿಯ ಸಾಧನಗಳನ್ನು ಅದರ ಹಿಂದೆ ಇಡಿ.